ಮುಗಿಯದ ಸೇತುವೆಯ ಲಾಭ ಎಷ್ಟು?

ಮೂರು ವರ್ಷ ನಡೆಯುವ ಸೇತುವೆ ಕಾಮಗಾರಿಯನ್ನು ಗುತ್ತಿಗೆಗೆ ಹಿಡಿದ ಕಂಪನಿಗೆ ಲಾಭವೋ ನಷ್ಟವೋ ಖಚಿತವಾಗಿ ತಿಳಿಯುವುದು ಕೆಲಸ ಮುಗಿದ ಮೇಲೆಯೇ. ಆದರೆ ಅದರ ವಾರ್ಷಿಕ ಲೆಕ್ಕ ಅಲ್ಲಿಯವರೆಗೆ ಕಾಯುವುದಿಲ್ಲ. ಪ್ರತಿ ಮಾರ್ಚ್ 31ಕ್ಕೆ ಈ ವರ್ಷದ ಆದಾಯ ಎಷ್ಟು, ಲಾಭ ಎಷ್ಟು ಎಂದು ಹೇಳಲೇಬೇಕು. ಆದ್ದರಿಂದ ಕೆಲಸ ಎಷ್ಟು ಭಾಗ ಮುಗಿದಿದೆಯೋ ಒಪ್ಪಂದದ ಮೊತ್ತದಲ್ಲಿ ಅಷ್ಟು ಭಾಗವನ್ನು ಆದಾಯವೆಂದು ಬರೆಯುವುದು ರೂಢಿ. ಭಾರತದಲ್ಲಿ ದೊಡ್ಡ ಕಂಪನಿಗಳು ಇದಕ್ಕೆ 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಎಂಬ ಲೆಕ್ಕ ಮಾನದಂಡವನ್ನು ಅನುಸರಿಸುತ್ತವೆ. ಉಳಿದ ಕಂಪನಿಗಳಿಗೆ ಹಳೆಯ ಎಎಸ್ 7 ಇದೆ. ಸರ್ಕಾರದ ಜಾಗದಲ್ಲಿ ಸರ್ಕಾರಕ್ಕಾಗಿ ಕಟ್ಟುವ ಸೇತುವೆಯ ಮಟ್ಟಿಗೆ ಎರಡೂ ಹೇಳುವುದು ಹೆಚ್ಚುಕಡಿಮೆ ಒಂದೇ. ಫ್ಲ್ಯಾಟ್ ಕಟ್ಟಿ ಮಾರುವ ಬಿಲ್ಡರ್‌ಗಳ ಲೆಕ್ಕ ಬೇರೆ: ಎಷ್ಟೋ ಒಪ್ಪಂದಗಳಲ್ಲಿ ಅವರು ಮನೆಯನ್ನು ಕೈಗೊಪ್ಪಿಸಿದಾಗಲೇ ಆದಾಯ ತೋರಿಸಬೇಕಾಗುತ್ತದೆ.

ಕೆಲಸ ಎಷ್ಟು ಮುಗಿದಿದೆ ಎಂದು ಅಳೆಯುವ ಬಗೆ ಎರಡು. ಕಟ್ಟಿದ್ದನ್ನೇ ಅಳೆಯುವುದು ಒಂದು: ಇಷ್ಟು ಕಂಬ ನಿಂತಿವೆ, ಇಷ್ಟು ಗರ್ಡರ್ ಕೂತಿವೆ ಎಂದು. ಖರ್ಚಿನಿಂದ ಅಳೆಯುವುದು ಇನ್ನೊಂದು: ಈವರೆಗಿನ ಖರ್ಚನ್ನು ಒಟ್ಟು ಅಂದಾಜು ಖರ್ಚಿನಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ನಿರ್ಮಾಣ ಕಂಪನಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ ಎರಡನೆಯದು. ಭಾಗಿಸಬೇಕಾದ ಎರಡು ಅಂಕಿಗಳಲ್ಲಿ ಮೇಲಿನದಕ್ಕೆ ಬಿಲ್ಲು, ವೋಚರು, ಬ್ಯಾಂಕ್ ಪಾವತಿಗಳ ಆಧಾರವಿರುತ್ತದೆ. ಕೆಳಗಿನದರಲ್ಲಿ ಒಂದು ಭಾಗ ಇನ್ನೂ ನಡೆಯದ ಖರ್ಚು. ಅದನ್ನು ಕಂಪನಿಯವರೇ ಅಂದಾಜು ಮಾಡಿರುತ್ತಾರೆ, ಮತ್ತು ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಗುತ್ತಿಗೆ ಆದಾಯದ ಲೆಕ್ಕಪರಿಶೋಧನೆಯಲ್ಲಿ ಹೆಚ್ಚಿನ ಶ್ರಮ ಸಲ್ಲಬೇಕಾದದ್ದೂ ಅಲ್ಲಿಗೇ.

ಒಂದು ಕಾಲ್ಪನಿಕ ಸೇತುವೆಯ ಲೆಕ್ಕ ನೋಡಬಹುದು. ಒಪ್ಪಂದದ ಮೊತ್ತ 100 ಕೋಟಿ ರೂಪಾಯಿ. ಬೆಲೆ ನಿಗದಿಯಾದದ್ದು, ನೆಲದಡಿಯಲ್ಲಿ ಏನೇ ಸಿಕ್ಕರೂ ಹೊರೆ ಗುತ್ತಿಗೆದಾರನದೇ. ಒಟ್ಟು ಖರ್ಚಿನ ಅಂದಾಜು 80 ಕೋಟಿ. ಮೊದಲ ವರ್ಷ 24 ಕೋಟಿ ಖರ್ಚಾಯಿತು, ಅಂದರೆ ಶೇ 30 ಕೆಲಸ. 30 ಕೋಟಿ ಆದಾಯ, 6 ಕೋಟಿ ಲಾಭ. ಎರಡನೆಯ ವರ್ಷ ಪೈಲ್ ಇಳಿಸುವಾಗ ನದಿಯ ತಳದಲ್ಲಿ ಗಟ್ಟಿ ಬಂಡೆ ಸಿಕ್ಕಿತು. ವರ್ಷದ ಕೊನೆಗೆ ಒಟ್ಟು ಖರ್ಚು 55 ಕೋಟಿ ಮುಟ್ಟಿತು. ಬಂಡೆಯ ತೊಂದರೆ ಬಹುಪಾಲು ಮುಗಿದಿದೆ, ಒಟ್ಟು ಖರ್ಚು 88 ಕೋಟಿಯಲ್ಲಿ ನಿಲ್ಲುತ್ತದೆ ಎನ್ನುತ್ತದೆ ಕಂಪನಿ. 55ನ್ನು 88ರಿಂದ ಭಾಗಿಸಿದರೆ ಶೇ 62.5. ಎರಡು ವರ್ಷಗಳ ಆದಾಯ ಸೇರಿ 62.5 ಕೋಟಿ, ಲಾಭ ಸೇರಿ 7.5 ಕೋಟಿ. ಮೊದಲ ವರ್ಷದ 6 ಕೋಟಿ ಕಳೆದರೆ ಈ ವರ್ಷದ ಲಾಭ 1.5 ಕೋಟಿ. ಲಾಭ ತಗ್ಗಿದೆ, ಆದರೂ ಲಾಭವೇ.

ಉಳಿದ ಕೆಲಸಕ್ಕೆ 33 ಕೋಟಿಯಲ್ಲ, 55 ಕೋಟಿ ಬೇಕು ಎಂದಾದರೆ ಚಿತ್ರ ತಿರುಗಿಬೀಳುತ್ತದೆ. ಒಟ್ಟು ಖರ್ಚು 110 ಕೋಟಿ, ಬರುವುದು 100 ಕೋಟಿ. ಇಡೀ ಗುತ್ತಿಗೆಯಲ್ಲಿ 10 ಕೋಟಿ ನಷ್ಟ. ಕೆಲಸ ಮುಗಿದಿರುವುದು ಶೇ 50, ಆದಾಯ 50 ಕೋಟಿ, ಖರ್ಚು 55 ಕೋಟಿ. ಈವರೆಗಿನ ನಷ್ಟ 5 ಕೋಟಿ. ಇನ್ನುಳಿದ 5 ಕೋಟಿ ನಷ್ಟ ಮುಂದಿನ ವರ್ಷಗಳದ್ದು, ಆಗ ಬರೆದರಾಯಿತು ಎನ್ನಲು ಬರುವುದಿಲ್ಲ. ಲಾಭವನ್ನು ಕೆಲಸ ನಡೆದಷ್ಟೇ ತೋರಿಸಬೇಕು. ನಷ್ಟವನ್ನು ಅದು ಕಂಡ ವರ್ಷವೇ ಪೂರ್ತಿ ತೋರಿಸಬೇಕು. ಎಎಸ್ 7 ಇದನ್ನು ನೇರವಾಗಿ ಹೇಳುತ್ತದೆ; ಇಂಡ್ ಎಎಸ್ ಕಂಪನಿಗಳಿಗೆ ಇಂಡ್ ಎಎಸ್ 37 ಇಂಥ ನಷ್ಟದ ಗುತ್ತಿಗೆಗೆ ಪೂರ್ತಿ ಮೊತ್ತವನ್ನು ಮೊದಲೇ ತೆಗೆದಿರಿಸಬೇಕೆನ್ನುತ್ತದೆ. ಹಾಗಾಗಿ ಎರಡನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ 10 ಕೋಟಿ ನಷ್ಟವೂ ನಿಂತಿರಬೇಕು. ಹಿಂದಿನ ವರ್ಷ 6 ಕೋಟಿ ಲಾಭ ತೋರಿಸಿದ್ದರಿಂದ ಈ ವರ್ಷದ ನಷ್ಟ 16 ಕೋಟಿಯಾಗುತ್ತದೆ. ಅಂದಾಜಿನಲ್ಲಿ 22 ಕೋಟಿ ಬದಲಾದದ್ದಕ್ಕೆ ವರ್ಷದ ಫಲಿತಾಂಶ 17.5 ಕೋಟಿಯಷ್ಟು ಬದಲಾಯಿತು. ಆ ಒಂದು ಅಂಕಿಯನ್ನು ಕೆಳಗೆ ಹಿಡಿದಿಡುವ ಆಸೆ ಕಂಪನಿಯವರಿಗೆ ಏಕೆ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಪರಿಶೋಧಕರು ಈ ಅಂಕಿಯನ್ನು ಕಚೇರಿಯಲ್ಲಿ ಕೂತು ಪರೀಕ್ಷಿಸಲಾರರು. ಅವರು ಮೊದಲು ಓದುವುದು ಒಪ್ಪಂದವನ್ನು: ಸಿಮೆಂಟು, ಉಕ್ಕಿನ ದರ ಏರಿದರೆ ಯಾರ ಹೊರೆ, ತಡವಾದರೆ ದಂಡ ಎಷ್ಟು, ಹೆಚ್ಚುವರಿ ಕೆಲಸಕ್ಕೆ ಯಾರ ಮಂಜೂರಾತಿ ಬೇಕು. ಆಮೇಲೆ ಉಳಿದ ಖರ್ಚಿನ ಪಟ್ಟಿಯನ್ನು ಬಾಬುವಾರು ಬಿಡಿಸುತ್ತಾರೆ. ಇನ್ನು ಎಷ್ಟು ಮೀಟರ್ ಪೈಲ್ ಇಳಿಯಬೇಕು, ಒಂದು ಮೀಟರಿಗೆ ಯಾವ ದರ ಹಿಡಿದಿದ್ದಾರೆ, ಕಳೆದ ಆರು ತಿಂಗಳಲ್ಲಿ ನಿಜವಾಗಿ ತಗುಲಿದ ದರ ಎಷ್ಟು? ಬಂಡೆ ಸಿಕ್ಕ ಮೇಲೆ ದರ ಇಮ್ಮಡಿಯಾಗಿದ್ದು, ಉಳಿದ ಪೈಲ್‌ಗಳಿಗೆ ಹಳೆಯ ದರವನ್ನೇ ಹಿಡಿದಿದ್ದರೆ 33 ಕೋಟಿಯ ಅಂದಾಜು ಅಲ್ಲೇ ಕುಸಿಯುತ್ತದೆ. ಬಂಡೆಯಿಂದ ಎಂಟು ತಿಂಗಳು ತಡವಾದರೆ ಸೈಟ್ ಕಚೇರಿಯ ಸಂಬಳ, ಕ್ರೇನ್ ಬಾಡಿಗೆ, ಬಡ್ಡಿ, ವಿಮೆಗಳೂ ಎಂಟು ತಿಂಗಳು ಉದ್ದವಾಗಬೇಕು. ಕಲ್ಲು ಒಡೆಯುವ ಖರ್ಚನ್ನು ಸೇರಿಸಿ ಈ ಕಾಲದ ಖರ್ಚನ್ನು ಮರೆಯುವುದು ಬಹಳ ಸಾಮಾನ್ಯ. ಇನ್ನೊಂದು ಉಪಯುಕ್ತ ಪರೀಕ್ಷೆಯೆಂದರೆ ಹಿಂದಿರುಗಿ ನೋಡುವುದು. ಇದೇ ಕಂಪನಿ ಹಿಂದಿನ ಐದಾರು ಗುತ್ತಿಗೆಗಳಲ್ಲಿ ನಡುವೆ ಮಾಡಿದ ಅಂದಾಜನ್ನೂ ಕೊನೆಗೆ ಆದ ಖರ್ಚನ್ನೂ ಪಕ್ಕಪಕ್ಕ ಇಟ್ಟರೆ, ಪ್ರತಿ ಸಲವೂ ತಪ್ಪು ಒಂದೇ ಕಡೆಗೆ ವಾಲಿದೆಯೇ ಎಂಬುದು ಕಾಣುತ್ತದೆ.

ಖರ್ಚಿನಿಂದ ಅಳೆಯುವ ಪದ್ಧತಿಗೆ ಒಂದು ಹುಟ್ಟುದೋಷವಿದೆ. ಖರ್ಚು ಹೆಚ್ಚಿದಷ್ಟೂ ಕೆಲಸ ಮುಂದೆ ಸಾಗಿದಂತೆ ಅದು ತೋರಿಸುತ್ತದೆ. ಬಿರುಕು ಬಿಟ್ಟ ಕಾಂಕ್ರೀಟನ್ನು ಒಡೆದು ಮತ್ತೆ ಹಾಕಿದರೆ ಎರಡು ಬಾರಿ ಖರ್ಚಾಗುತ್ತದೆ, ಸೇತುವೆ ಮಾತ್ರ ಒಂದೇ ಬಾರಿ ಮೇಲೇಳುತ್ತದೆ. ಹೀಗೆ ವ್ಯರ್ಥವಾದ ಖರ್ಚನ್ನು ಪ್ರಗತಿಯ ಅಳತೆಗೆ ಸೇರಿಸಬಾರದು. ಉಪಗುತ್ತಿಗೆದಾರನಿಗೆ ಕೊಟ್ಟ ಮುಂಗಡವೂ ಕೆಲಸವಲ್ಲ. ಬೇರೆ ಕಾಮಗಾರಿಯ ಖರ್ಚನ್ನು ಮಾರ್ಚ್ ಕೊನೆಯ ವಾರ ಒಂದು ಜರ್ನಲ್ ನಮೂದಿನಿಂದ ಈ ಸೇತುವೆಗೆ ವರ್ಗಾಯಿಸಿದ್ದರೆ ಅದನ್ನೂ ಹಿಡಿಯಬೇಕು. ಇದಕ್ಕಾಗಿ ಖರ್ಚಿನ ಅಳತೆಯ ಪಕ್ಕಕ್ಕೆ ಕಟ್ಟಿದ್ದರ ಅಳತೆಯನ್ನು ತಂದಿಡುತ್ತಾರೆ. ಪರಿಶೋಧಕರು ಒಬ್ಬ ಸ್ವತಂತ್ರ ಎಂಜಿನಿಯರ್ ಜೊತೆ ಸೈಟಿಗೆ ಹೋಗುತ್ತಾರೆ. ಇಲಾಖೆಯ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದದ್ದನ್ನೂ, ಪಾಸಾದ ರನ್ನಿಂಗ್ ಬಿಲ್ಲುಗಳನ್ನೂ ನೋಡುತ್ತಾರೆ. ನಮ್ಮ ಸೇತುವೆಯಲ್ಲಿ ಕಂಪನಿ 62.5 ಕೋಟಿ ಆದಾಯ ಬರೆದಿದೆ, ಆದರೆ ಪಾಸಾದ ಬಿಲ್ಲು 48 ಕೋಟಿ ಎಂದುಕೊಳ್ಳಿ. ನಡುವಿನ 14.5 ಕೋಟಿ ಬಿಲ್ಲಾಗದ ಆದಾಯವೆಂದು ಆಸ್ತಿಯ ಪಟ್ಟಿಯಲ್ಲಿ ಕೂತಿರುತ್ತದೆ. ಒಂದೆರಡು ತಿಂಗಳ ಕೆಲಸ ಬಿಲ್ಲಾಗದೆ ಉಳಿಯುವುದು ಸಹಜ. ಆದರೆ ಈ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಆಗದ ಕೆಲಸಕ್ಕೆ ಆದಾಯ ಬರೆದಿದ್ದಾರೆಯೇ ಎಂದು ಕೇಳಲೇಬೇಕು.

ಅಂದಾಜು ಏರಿದಾಗ ಕಂಪನಿಗಳು ಹಿಡಿಯುವ ಇನ್ನೊಂದು ದಾರಿ ಆದಾಯವನ್ನೂ ಏರಿಸುವುದು. ಬಂಡೆಯ ವಿಷಯ ಟೆಂಡರಿನಲ್ಲಿ ಇರಲಿಲ್ಲ, ಇಲಾಖೆಯಿಂದ 15 ಕೋಟಿ ಪರಿಹಾರ ಕೇಳಿದ್ದೇವೆ, ಆದ್ದರಿಂದ ಒಪ್ಪಂದದ ಮೊತ್ತ 115 ಕೋಟಿ ಎಂಬ ವಾದ ಬರುತ್ತದೆ. ಕೇಳಿದ್ದೆಲ್ಲ ಆದಾಯವಲ್ಲ. ಹಕ್ಕಿಗೆ ಒಪ್ಪಂದದ ಆಧಾರವಿರಬೇಕು. ಮುಂದೆ ಆ ಆದಾಯವನ್ನು ದೊಡ್ಡ ಪ್ರಮಾಣದಲ್ಲಿ ಹಿಂದೆಗೆಯಬೇಕಾಗಲಾರದು ಎಂಬ ಸಂಭವ ಬಹಳ ಬಲವಾಗಿರಬೇಕು. ಬೆಲೆ ನಿಗದಿಯಾದ, ನೆಲದಡಿಯ ಹೊರೆ ಗುತ್ತಿಗೆದಾರನಿಗೇ ಬಿಟ್ಟ ನಮ್ಮ ಒಪ್ಪಂದದಲ್ಲಿ ಈ 15 ಕೋಟಿ ನಿಲ್ಲುವುದಿಲ್ಲ. ತಡವಾದ ದಂಡ ಮಾತ್ರ ಆದಾಯದಿಂದ ಕಳೆಯಬೇಕಾಗುತ್ತದೆ.

ಇದೆಲ್ಲ ಎಡವಿದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ ದೊಡ್ಡ ಉದಾಹರಣೆ. ಆಸ್ಪತ್ರೆ, ರಸ್ತೆ, ಶಾಲೆಗಳ ಗುತ್ತಿಗೆ ಹಿಡಿಯುತ್ತಿದ್ದ ಈ ಕಂಪನಿ ಲಿವರ್‌ಪೂಲ್ ನಗರದ ರಾಯಲ್ ಆಸ್ಪತ್ರೆಯನ್ನು ಕಟ್ಟುತ್ತಿತ್ತು. ತೊಲೆಗಳಲ್ಲಿ ಬಿರುಕು ಕಂಡು ಕೆಲಸ ಹಿಂದೆ ಬಿದ್ದಿತ್ತು. ಕಂಪನಿಯ ಒಳಗಿನ ತಂಡವೇ 2016ರ ಕೊನೆಯಲ್ಲಿ ಪರಿಶೀಲಿಸಿ, ಈ ಗುತ್ತಿಗೆಯಲ್ಲಿ ಶೇ 12.7 ನಷ್ಟವಾಗಲಿದೆ ಎಂದಿತು. ಆಡಳಿತದವರು ಅದನ್ನು ಬದಿಗಿಟ್ಟು ಶೇ 4.9 ಲಾಭದ ಅಂಕಿಯನ್ನೇ ಹಿಡಿದರು ಎಂದು ಬ್ರಿಟಿಷ್ ಸಂಸತ್ತಿನ ಸಮಿತಿಗಳ 2018ರ ವರದಿ ಹೇಳಿತು. 2017ರ ಮಾರ್ಚಿನಲ್ಲಿ ಪ್ರಕಟವಾದ ಲೆಕ್ಕದಲ್ಲಿ ಲಾಭವಿತ್ತು. ನಾಲ್ಕು ತಿಂಗಳ ನಂತರ, ಜುಲೈಯಲ್ಲಿ, ಹಲವು ಗುತ್ತಿಗೆಗಳ ಮೇಲೆ 84.5 ಕೋಟಿ ಪೌಂಡ್ ಕಡಿತ ಮಾಡಬೇಕಾಗಿದೆ ಎಂದು ಕಂಪನಿಯೇ ಪ್ರಕಟಿಸಿತು. 2018ರ ಜನವರಿ 15ರಂದು ಅದು ಮುಳುಗಿತು. ಆಸ್ಪತ್ರೆ ಅರ್ಧಕ್ಕೆ ನಿಂತಿತು. ಹತ್ತೊಂಬತ್ತು ವರ್ಷ ಅದರ ಲೆಕ್ಕ ಪರಿಶೋಧಿಸಿದ್ದ ಕೆಪಿಎಂಜಿಗೆ ಅಲ್ಲಿನ ನಿಯಂತ್ರಕ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ 2.1 ಕೋಟಿ ಪೌಂಡ್ ದಂಡ ಹಾಕಿತು. ನಷ್ಟದ ಸುಳಿವು ಕಂಪನಿಯ ಒಳಗೆ, ಬರವಣಿಗೆಯಲ್ಲೇ ಇತ್ತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆದ್ದರಿಂದ ಪರಿಶೋಧಕರು ಹಣಕಾಸು ವಿಭಾಗ ಸಿದ್ಧಮಾಡಿಕೊಟ್ಟ ಪಟ್ಟಿಗೇ ನಿಲ್ಲದೆ ಸೈಟ್ ಎಂಜಿನಿಯರ್‌ಗಳ ಮಾಸಿಕ ವರದಿ, ಇಲಾಖೆಯೊಡನೆ ನಡೆದ ಪತ್ರವ್ಯವಹಾರ, ಒಳಗಿನ ಸಭೆಗಳ ನಡಾವಳಿಗಳನ್ನು ತರಿಸಿಕೊಂಡು ಓದಬೇಕಾಗುತ್ತದೆ. ಖರ್ಚು ಏರುತ್ತಿದ್ದರೂ ಲಾಭದ ಪ್ರಮಾಣ ವರ್ಷಗಟ್ಟಲೆ ಕದಲದೆ ನಿಂತಿದ್ದರೆ ಅದೇ ಮೊದಲ ಎಚ್ಚರಿಕೆ.

ಅಂದಾಜು ಸುಳ್ಳಾದ ಮಾತ್ರಕ್ಕೆ ಲೆಕ್ಕ ತಪ್ಪೆಂದಾಗುವುದಿಲ್ಲ. ಮೊದಲ ವರ್ಷದ ಮಣ್ಣು ಪರೀಕ್ಷೆಯಲ್ಲಿ ಬಂಡೆಯ ಸುಳಿವೇ ಇರದಿದ್ದರೆ ಆ ವರ್ಷದ 6 ಕೋಟಿ ಲಾಭ ಅಂದಿಗೆ ಸರಿಯೇ. ಅಂದಾಜು ಬದಲಾಯಿತೆಂದು ಎರಡನೆಯ ವರ್ಷದ ಲೆಕ್ಕದಲ್ಲಿ ಸರಿಪಡಿಸಿದರೆ ಸಾಕು. ಪರೀಕ್ಷೆಯ ವರದಿ ಬಂಡೆಯನ್ನು ತೋರಿಸಿದ್ದೂ ಯಾರೂ ಅದನ್ನು ಲೆಕ್ಕಕ್ಕೆ ತಾರದಿದ್ದರೆ ಅದು ಅಂದೇ ಆದ ತಪ್ಪು. ಹಿಂದಿನ ವರ್ಷದ ಅಂಕಿಗಳನ್ನೇ ತಿದ್ದಿ ತೋರಿಸಬೇಕು. ಮೂರನೆಯ ಸಂದರ್ಭವೂ ಇದೆ. ಮಾರ್ಚ್ 31ರ ಹೊತ್ತಿಗೆ ಬಂಡೆ ಯಾರಿಗೂ ಗೊತ್ತಿಲ್ಲ, ಮೇ ತಿಂಗಳಲ್ಲಿ ಹೊಸ ಕೊರೆತದಲ್ಲಿ ಸಿಕ್ಕಿತು, ಲೆಕ್ಕಕ್ಕೆ ನಿರ್ದೇಶಕರ ಒಪ್ಪಿಗೆ ಇನ್ನೂ ಆಗಿಲ್ಲ. ಗೊತ್ತಾದದ್ದು ಮೇ ತಿಂಗಳಲ್ಲಾದರೂ ಬಂಡೆ ಮಾರ್ಚ್ 31ರಂದೂ ನದಿಯ ಕೆಳಗೇ ಇತ್ತು. ಆ ವರ್ಷದ ಲೆಕ್ಕವನ್ನೇ ಬದಲಿಸಬೇಕು. ಇದಕ್ಕಾಗಿಯೇ ಪರಿಶೋಧಕರು ಸಹಿ ಹಾಕುವ ದಿನದವರೆಗೂ ಸೈಟಿನ ಹೊಸ ವರದಿಗಳನ್ನು ಕೇಳಿ ತರಿಸಿಕೊಳ್ಳುತ್ತಾರೆ.