ಊಟ, ಉಪವಾಸ ಮತ್ತು ಎರಡು ಹಾರ್ಮೋನುಗಳು

ಆರೋಗ್ಯವಂತ ವಯಸ್ಕರ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಕರಗಿರುವ ಗ್ಲೂಕೋಸ್ ಒಟ್ಟು 4ರಿಂದ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಮಿದುಳು ಒಂದೇ ಗಂಟೆಗೆ ಹತ್ತಿರಹತ್ತಿರ ಅಷ್ಟನ್ನು ಬಳಸುತ್ತದೆ. ಇತ್ತ ಮುದ್ದೆಯೋ ಅನ್ನವೋ ಇರುವ ಒಂದು ಸಾಧಾರಣ ಊಟದಿಂದ 80 ಗ್ರಾಂ ಗ್ಲೂಕೋಸ್ ಕರುಳಿನ ಮೂಲಕ ರಕ್ತಕ್ಕೆ ಬಂದು ಸೇರಬಹುದು. ಬರುವುದು ಇಷ್ಟೊಂದು, ನಡುವೆ ಗಂಟೆಗಟ್ಟಲೆ ಏನೂ ಬರುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ ಸಕ್ಕರೆ ಡೆಸಿಲೀಟರ್‌ಗೆ 70ರಿಂದ 100 ಮಿಲಿಗ್ರಾಂ ನಡುವೆಯೇ ಇರುತ್ತದೆ. ಈ ಸ್ಥಿರತೆಯನ್ನು ಕಾಯುವ ಕೆಲಸ ಮುಖ್ಯವಾಗಿ ಇನ್ಸುಲಿನ್ ಮತ್ತು ಗ್ಲುಕಗಾನ್ ಎಂಬ ಎರಡು ಹಾರ್ಮೋನುಗಳದು. ಅವೆರಡರ ಅಪ್ಪಣೆಯೂ ಒಟ್ಟಿಗೆ ತಲುಪಿ ನಡೆಯುವ ಜಾಗ ಯಕೃತ್ತು.

ಎರಡೂ ಹುಟ್ಟುವುದು ಮೇದೋಜೀರಕ ಗ್ರಂಥಿಯೊಳಗಿನ ಪುಟ್ಟ ಜೀವಕೋಶ ಗುಂಪುಗಳಲ್ಲಿ. ಬೀಟಾ ಕೋಶಗಳು ಇನ್ಸುಲಿನ್ ಸುರಿಸುತ್ತವೆ, ಪಕ್ಕದ ಆಲ್ಫಾ ಕೋಶಗಳು ಗ್ಲುಕಗಾನ್ ಸುರಿಸುತ್ತವೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅದು ಬೀಟಾ ಕೋಶದೊಳಕ್ಕೂ ನುಗ್ಗಿ ಅಲ್ಲಿ ಶಕ್ತಿಯಾಗಿ ಉರಿಯುತ್ತದೆ. ಆಗ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ಕ್ಯಾಲ್ಸಿಯಂ ಒಳಬಂದು, ಸಿದ್ಧವಾಗಿದ್ದ ಇನ್ಸುಲಿನ್ ಹೊರಬೀಳುತ್ತದೆ. ಬೀಟಾ ಕೋಶಗಳು ಚುರುಕಾದಷ್ಟೂ ನೆರೆಯ ಆಲ್ಫಾ ಕೋಶಗಳಿಗೆ ಕಡಿವಾಣ ಬೀಳುತ್ತದೆ. ಸಕ್ಕರೆ ಇಳಿದರೆ ಈ ಕಡಿವಾಣ ಸಡಿಲವಾಗಿ ಗ್ಲುಕಗಾನ್ ಏರುತ್ತದೆ. ಮೇದೋಜೀರಕ ಗ್ರಂಥಿಯಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ, ದ್ವಾರಕ ರಕ್ತನಾಳದಲ್ಲಿ ಹರಿದು ಮೊದಲು ಯಕೃತ್ತಿಗೆ ಬರುತ್ತದೆ. ಹಾಗಾಗಿ ಎರಡೂ ಹಾರ್ಮೋನುಗಳ ಅತಿ ಗಟ್ಟಿ ಸಂದೇಶ ಸಿಗುವುದು ಯಕೃತ್ತಿಗೇ. ಬಂದ ಇನ್ಸುಲಿನ್‌ನಲ್ಲಿ ಸುಮಾರು ಅರ್ಧವನ್ನು ಅದು ಅಲ್ಲೇ ಹಿಡಿದುಕೊಳ್ಳುತ್ತದೆ. ಕೈಯ ನರದಿಂದ ತೆಗೆದ ರಕ್ತದಲ್ಲಿ ಇನ್ಸುಲಿನ್ ಅಳೆದಾಗ ಯಕೃತ್ತು ಕಂಡ ಪ್ರಮಾಣ ತಿಳಿಯದಿರುವುದು ಇದಕ್ಕೇ.

ಯಕೃತ್ತಿನ ಕೋಶದ ಹೊರಗೋಡೆಯಲ್ಲಿ ಇಬ್ಬರಿಗೂ ಬೇರೆಬೇರೆ ಗ್ರಾಹಿಗಳಿವೆ. ಗ್ಲುಕಗಾನ್ 29 ಅಮೈನೋ ಆಮ್ಲಗಳ ಒಂದೇ ಎಳೆಯ ಸಣ್ಣ ಹಾರ್ಮೋನು. ಅದು ತನ್ನ ಗ್ರಾಹಿಗೆ ಅಂಟಿಕೊಂಡೊಡನೆ ಪೊರೆಯ ಒಳಬದಿಯ ಜಿ-ಪ್ರೋಟೀನ್ ಎಚ್ಚರಗೊಂಡು, ಒಂದು ಕಿಣ್ವವನ್ನು ಚಾಲೂ ಮಾಡಿ, ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವನ್ನು ರಾಶಿರಾಶಿಯಾಗಿ ತಯಾರಿಸುತ್ತದೆ. ಒಂದು ಗ್ಲುಕಗಾನ್ ಅಣುವಿನ ಸಂದೇಶ ಒಳಗೆ ಸಾವಿರಾರು ಅಣುಗಳಾಗಿ ಹಿಗ್ಗುವುದು ಇಲ್ಲೇ. ಗ್ಲುಕಗಾನ್ ಮತ್ತು ಅಡ್ರಿನಲಿನ್ ಯಕೃತ್ತಿನಲ್ಲಿ ಏನು ಮಾಡುತ್ತವೆಂದು ಹುಡುಕುತ್ತಿದ್ದಾಗಲೇ ಅರ್ಲ್ ಸದರ್‌ಲ್ಯಾಂಡ್ ಅವರಿಗೆ ಈ ಅಣು ಸಿಕ್ಕಿತು. 1971ರ ನೊಬೆಲ್ ಅವರಿಗೆ ಬಂತು. ಸೈಕ್ಲಿಕ್ ಎಎಂಪಿ ಹೋಗಿ ಎಬ್ಬಿಸುವುದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು. ಈ ಕಿಣ್ವದ ಕೆಲಸ ಒಂದೇ: ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದು.

ಇನ್ಸುಲಿನ್ ದಾರಿ ಬೇರೆ. ಎರಡು ಎಳೆಗಳಲ್ಲಿ 51 ಅಮೈನೋ ಆಮ್ಲಗಳಿರುವ ಈ ಹಾರ್ಮೋನು ಸೇರುವ ಗ್ರಾಹಿ ತಾನೇ ಒಂದು ಕಿಣ್ವ. ಇನ್ಸುಲಿನ್ ಸೋಕಿದರೆ ಅದು ಮೊದಲು ತನಗೆ ತಾನೇ, ಆಮೇಲೆ ಹತ್ತಿರದ ಪ್ರೋಟೀನುಗಳಿಗೆ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಹಚ್ಚುತ್ತದೆ. ಅಲ್ಲಿಂದ ಸರಪಳಿ ಮುಂದುವರಿದು ಎಕೆಟಿ ಎಂಬ ಕಿಣ್ವ ಚುರುಕಾಗುತ್ತದೆ. ಇಲ್ಲೂ ಆರಂಭ ಫಾಸ್ಫೇಟ್ ಹಚ್ಚುವುದರಿಂದಲೇ. ಆದರೆ ಗ್ಲೂಕೋಸನ್ನು ಕೂಡಿಡುವ, ಬಿಡುವ ಕಿಣ್ವಗಳ ಮಟ್ಟಕ್ಕೆ ಬಂದಾಗ ಫಲ ತಿರುಗುಮುರುಗು. ಗ್ಲುಕಗಾನ್ ಹಚ್ಚಿಸಿದ ಫಾಸ್ಫೇಟನ್ನು ಇನ್ಸುಲಿನ್ ತೆಗೆಸಿಹಾಕುತ್ತದೆ, ಜೊತೆಗೆ ಸೈಕ್ಲಿಕ್ ಎಎಂಪಿಯನ್ನೂ ಒಡೆಸುತ್ತದೆ. ಎರಡೂ ಹಾರ್ಮೋನುಗಳು ಬೇರೆಬೇರೆ ಯಂತ್ರಗಳನ್ನು ನಡೆಸುವುದಿಲ್ಲ, ಬಹುತೇಕ ಅದೇ ಕಿಣ್ವಗಳನ್ನು ಎದುರುಬದುರಾಗಿ ತಿರುಗಿಸುತ್ತವೆ ಎಂಬುದು ಈ ವಿಷಯದಲ್ಲಿ ಅರಿಯಬೇಕಾದ ಮುಖ್ಯ ಸಂಗತಿ. ಯಕೃತ್ತು ನೋಡುವುದು ಯಾವುದೋ ಒಂದರ ಮಟ್ಟವನ್ನಲ್ಲ, ಎರಡರ ಅನುಪಾತವನ್ನು.

ಗ್ಲೈಕೋಜನ್ ಈ ಮಾತಿಗೆ ಒಳ್ಳೆಯ ಉದಾಹರಣೆ. ಇದು ಗ್ಲೂಕೋಸ್ ಅಣುಗಳು ಕವಲುಕವಲಾಗಿ ಪೋಣಿಸಿಕೊಂಡ ದಾಸ್ತಾನು. ಚೆನ್ನಾಗಿ ಉಂಡವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಇದನ್ನು ಒಡೆಯುವ ಕಿಣ್ವಕ್ಕೆ ಫಾಸ್ಫೇಟ್ ಹತ್ತಿದರೆ ಕೆಲಸ ಶುರು, ಕಟ್ಟುವ ಕಿಣ್ವಕ್ಕೆ ಫಾಸ್ಫೇಟ್ ಹತ್ತಿದರೆ ಕೆಲಸ ಬಂದ್. ಹೀಗಾಗಿ ಗ್ಲುಕಗಾನಿನ ಒಂದೇ ಅಪ್ಪಣೆಯಿಂದ ಒಡೆಯುವುದು ಆರಂಭವಾಗುತ್ತದೆ, ಕಟ್ಟುವುದು ನಿಲ್ಲುತ್ತದೆ. ಇನ್ಸುಲಿನ್ ಬಂದರೆ ಎರಡೂ ಹಿಂದುಮುಂದಾಗುತ್ತವೆ. ಒಂದು ಕಡೆ ಕಟ್ಟುತ್ತ ಇನ್ನೊಂದು ಕಡೆ ಒಡೆಯುತ್ತ ಶಕ್ತಿಯನ್ನು ದಂಡ ಮಾಡುವ ಸಂದರ್ಭ ಹೀಗೆ ತಪ್ಪುತ್ತದೆ.

60 ಕಿಲೋ ತೂಕದ ಒಬ್ಬರ ಒಂದು ರಾತ್ರಿಯನ್ನು ಹಿಂಬಾಲಿಸಿದರೆ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ರಾತ್ರಿ 8ಕ್ಕೆ ಊಟ. ಒಂದು ಗಂಟೆಯಲ್ಲಿ ಸಕ್ಕರೆ 130ರ ಆಸುಪಾಸಿಗೆ ಏರುತ್ತದೆ, ಇನ್ಸುಲಿನ್ ಹಲವು ಪಟ್ಟು ಹೆಚ್ಚುತ್ತದೆ. ಯಕೃತ್ತು ಗ್ಲೂಕೋಸ್ ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಬಂದದ್ದರಲ್ಲಿ ತನ್ನ ಪಾಲನ್ನು ಗ್ಲೈಕೋಜನ್ ಆಗಿ ಕಟ್ಟಿಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಇನ್ಸುಲಿನ್ ಇನ್ನೊಂದು ಕೆಲಸ ಮಾಡಿಸುತ್ತದೆ. ಕೋಶದ ಒಳಗೆ ಅಡಗಿದ್ದ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ಪೊರೆಗೆ ಬಂದು ಗ್ಲೂಕೋಸನ್ನು ಒಳಸೆಳೆಯುತ್ತವೆ. ಮಿದುಳಿಗೆ ಈ ಅಪ್ಪಣೆ ಬೇಕಿಲ್ಲ. ಅಲ್ಲಿಗೆ ಗ್ಲೂಕೋಸ್ ಇನ್ಸುಲಿನ್ ಇಲ್ಲದೆಯೂ ಹೋಗುತ್ತದೆ. ಉಪವಾಸದ ಹೊತ್ತಿನಲ್ಲಿ ಸ್ನಾಯು ಹಿಂದೆ ಸರಿದು ಮಿದುಳಿಗೆ ಗ್ಲೂಕೋಸ್ ಉಳಿಯುವುದು ಈ ವ್ಯತ್ಯಾಸದಿಂದ.

ನಡುರಾತ್ರಿಯ ಹೊತ್ತಿಗೆ ಸಕ್ಕರೆ 90ಕ್ಕೆ ಮರಳಿ, ಇನ್ಸುಲಿನ್ ಇಳಿದು, ಗ್ಲುಕಗಾನಿನ ಕೈ ಮೇಲಾಗಿರುತ್ತದೆ. ಈಗ ಯಕೃತ್ತು ಗಂಟೆಗೆ ಸುಮಾರು 7 ಗ್ರಾಂ ಗ್ಲೂಕೋಸ್ ಹೊರಬಿಡಬೇಕು. 12ರಿಂದ ಬೆಳಿಗ್ಗೆ 6ರವರೆಗೆ ಅದು 42 ಗ್ರಾಂ, ಅಂದರೆ ರಕ್ತದಲ್ಲಿರುವ ಒಟ್ಟು ಗ್ಲೂಕೋಸಿನ ಎಂಟು ಒಂಬತ್ತು ಪಟ್ಟು. ಮೊದಲ ಗಂಟೆಗಳಲ್ಲಿ ಹೆಚ್ಚಿನದು ಗ್ಲೈಕೋಜನ್‌ನಿಂದ. ಬೆಳಗಾಗುವ ಹೊತ್ತಿಗೆ ಸುಮಾರು ಅರ್ಧ ಹೊಸದಾಗಿ ತಯಾರಾದದ್ದು. ಕೆಂಪು ರಕ್ತಕಣಗಳು ಬಿಟ್ಟ ಲ್ಯಾಕ್ಟೇಟ್, ಕೊಬ್ಬು ಕರಗಿ ಬಂದ ಗ್ಲಿಸರಾಲ್, ಸ್ನಾಯುವಿನಿಂದ ಬಂದ ಅಲನಿನ್ ಇವೆಲ್ಲ ಅದಕ್ಕೆ ಕಚ್ಚಾವಸ್ತು. ಈ ತಯಾರಿಕೆಯ ಕಿಣ್ವಗಳನ್ನು ಹೆಚ್ಚು ಮಾಡಲು ಗ್ಲುಕಗಾನ್ ಕೋಶಕೇಂದ್ರದಲ್ಲಿನ ಜೀನ್‌ಗಳನ್ನೇ ತಟ್ಟಿ ಎಬ್ಬಿಸುತ್ತದೆ. ಅದೇ ಜೀನ್‌ಗಳನ್ನು ನಡೆಸುವ ಫಾಕ್ಸ್-ಓ1 ಎಂಬ ಪ್ರೋಟೀನನ್ನು ಇನ್ಸುಲಿನ್ ಕೋಶಕೇಂದ್ರದಿಂದ ಆಚೆ ಅಟ್ಟುತ್ತದೆ. ಸ್ನಾಯುವಿನಲ್ಲೂ ಗ್ಲೈಕೋಜನ್ ಇದೆ, ಯಕೃತ್ತಿಗಿಂತ ಹೆಚ್ಚೇ ಇದೆ. ಆದರೆ ಅದನ್ನು ಬಿಡಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವ ಕೊನೆಯ ಕಿಣ್ವ ಸ್ನಾಯುವಿಗಿಲ್ಲ. ಆ ದಾಸ್ತಾನು ಸ್ನಾಯುವಿನ ಸ್ವಂತ ಬಳಕೆಗೆ ಮಾತ್ರ.

ಏಕಾದಶಿಯಂತೆ ಇಡೀ ದಿನ ಏನೂ ತಿನ್ನದಿದ್ದರೆ ಯಕೃತ್ತಿನ ಗ್ಲೈಕೋಜನ್ ಬಹುಪಾಲು ಬರಿದಾಗುತ್ತ ಬರುತ್ತದೆ. ಇಷ್ಟರಲ್ಲಿ ಇನ್ಸುಲಿನ್ ಇನ್ನೂ ಇಳಿದು, ಕೊಬ್ಬಿನ ಕೋಶಗಳಿಗಿದ್ದ ತಡೆ ತೆರವಾಗಿ, ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ. ಮನುಷ್ಯರಲ್ಲಿ ಕೊಬ್ಬು ಕರಗಲು ಮುಖ್ಯ ಕಾರಣ ಇನ್ಸುಲಿನ್ ಇಳಿಯುವುದೇ ಹೊರತು ಗ್ಲುಕಗಾನ್ ಏರುವುದಲ್ಲ. ಆದರೆ ಆ ಕೊಬ್ಬಿನಾಮ್ಲ ಯಕೃತ್ತು ಸೇರಿದ ಮೇಲೆ ಏನಾಗಬೇಕೆಂಬಲ್ಲಿ ಗ್ಲುಕಗಾನಿನ ಮಾತು ನಡೆಯುತ್ತದೆ. ಉಂಡ ಹೊತ್ತಿನಲ್ಲಿ ಇನ್ಸುಲಿನ್ ಮೆಲೋನಿಲ್-ಕೋಎ ಎಂಬ ಅಣುವನ್ನು ಹೆಚ್ಚಿಸಿ, ಕೊಬ್ಬಿನಾಮ್ಲಗಳು ಮೈಟೊಕಾಂಡ್ರಿಯಾ ಹೊಕ್ಕದಂತೆ ಬಾಗಿಲು ಹಾಕಿರುತ್ತದೆ. ಗ್ಲುಕಗಾನ್ ಆ ಅಣುವನ್ನು ಇಳಿಸಿದಾಗ ಬಾಗಿಲು ತೆರೆದು, ಕೊಬ್ಬು ಉರಿದು, ಕೀಟೋನ್‌ಗಳು ತಯಾರಾಗುತ್ತವೆ. ಉಪವಾಸ ಕೆಲವು ದಿನಗಳಿಗೆ ಚಾಚಿದರೆ ಮಿದುಳೂ ಕೀಟೋನ್ ಬಳಸತೊಡಗುತ್ತದೆ. ಆಗ ಸ್ನಾಯುವಿನ ಪ್ರೋಟೀನ್ ಅಷ್ಟರಮಟ್ಟಿಗೆ ಉಳಿಯುತ್ತದೆ.

ಎರಡೂ ಹಾರ್ಮೋನುಗಳು ಯಾವಾಗಲೂ ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತವೆ ಎಂದುಕೊಳ್ಳಬಾರದು. ಮೊಟ್ಟೆ, ಮೀನು, ಮಾಂಸ ಮಾತ್ರ ತಿಂದಾಗ ಅಮೈನೋ ಆಮ್ಲಗಳು ಎರಡನ್ನೂ ಒಟ್ಟಿಗೆ ಏರಿಸುತ್ತವೆ. ಆ ಅಮೈನೋ ಆಮ್ಲಗಳು ಸ್ನಾಯುವಿಗೆ ಸೇರಲು ಇನ್ಸುಲಿನ್ ನೆರವಾಗುತ್ತದೆ. ಆದರೆ ಊಟದಲ್ಲಿ ಗ್ಲೂಕೋಸ್ ಇಲ್ಲದಿರುವುದರಿಂದ ಇನ್ಸುಲಿನ್ ಒಂದೇ ಇದ್ದಿದ್ದರೆ ಸಕ್ಕರೆ ಅಪಾಯಕ್ಕೆ ಕುಸಿಯುತ್ತಿತ್ತು. ಗ್ಲುಕಗಾನ್ ಯಕೃತ್ತಿನಿಂದ ಗ್ಲೂಕೋಸ್ ಬಿಡಿಸುತ್ತ ಅದನ್ನು ತಡೆಯುತ್ತದೆ.

ಈ ಅನುಪಾತ ಸಂಪೂರ್ಣ ಕೆಡುವುದು ಒಂದನೇ ಬಗೆಯ ಮಧುಮೇಹದಲ್ಲಿ. ಬೀಟಾ ಕೋಶಗಳು ನಾಶವಾಗಿ ಇನ್ಸುಲಿನ್ ಇಲ್ಲವಾದರೆ ಆಲ್ಫಾ ಕೋಶಗಳ ಕಡಿವಾಣವೂ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ 400 ದಾಟಿದ್ದರೂ ಯಕೃತ್ತು ಉಪವಾಸವೆಂದೇ ತಿಳಿದು ಇನ್ನಷ್ಟು ಗ್ಲೂಕೋಸ್, ಇನ್ನಷ್ಟು ಕೀಟೋನ್ ತಯಾರಿಸುತ್ತದೆ. ಕೀಟೋನ್‌ಗಳು ಆಮ್ಲಗಳಾದ್ದರಿಂದ ರಕ್ತವೇ ಆಮ್ಲೀಯವಾಗುತ್ತದೆ. ಮತ್ತೆಮತ್ತೆ ಮೂತ್ರ, ಇಂಗದ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಇದರ ಗುರುತುಗಳು. ಇಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಸಲೈನ್, ಪೊಟ್ಯಾಸಿಯಂ ಜೊತೆ ಇನ್ಸುಲಿನ್ ಹನಿಸುತ್ತಾರೆ. ಸಕ್ಕರೆ 200–250ಕ್ಕೆ ಇಳಿದ ಮೇಲೂ ಇನ್ಸುಲಿನ್ ನಿಲ್ಲಿಸುವುದಿಲ್ಲ. ಬದಲಿಗೆ ಗ್ಲೂಕೋಸ್ ಡ್ರಿಪ್ ಕೂಡ ಹಾಕುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸ್ ಏಕೆಂದು ಮನೆಯವರು ಗಾಬರಿಯಾಗುವುದುಂಟು. ಇಲ್ಲಿ ಇನ್ಸುಲಿನ್ ಬೇಕಿರುವುದು ಸಕ್ಕರೆ ಇಳಿಸಲಿಕ್ಕಷ್ಟೇ ಅಲ್ಲ, ಯಕೃತ್ತಿನ ಕೀಟೋನ್ ತಯಾರಿಕೆಯನ್ನು ನಿಲ್ಲಿಸಲಿಕ್ಕೆ. ಅದು ನಿಂತು ಆಮ್ಲ ತಗ್ಗುವವರೆಗೆ ಇನ್ಸುಲಿನ್ ಮುಂದುವರಿಯಬೇಕು, ಅಷ್ಟು ಹೊತ್ತು ಸಕ್ಕರೆ ಕುಸಿಯದಂತೆ ಕಾಯಬೇಕು.

ಎರಡನೇ ಬಗೆಯ ಮಧುಮೇಹದಲ್ಲಿ ಕೆಡುಕು ಇಷ್ಟು ಉಗ್ರವಲ್ಲ, ಆದರೆ ಜಾತಿ ಅದೇ. ರಾತ್ರಿ ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಸಕ್ಕರೆ 150 ಬಂದರೆ ಹಲವರು ರಾತ್ರಿಯ ಊಟವನ್ನೇ ದೂರುತ್ತಾರೆ. ಆ ಸಕ್ಕರೆಯ ಬಹುಪಾಲು ರಾತ್ರಿಯಿಡೀ ಯಕೃತ್ತು ಬಿಟ್ಟದ್ದು. ಇನ್ಸುಲಿನ್ ಇದ್ದರೂ ಯಕೃತ್ತು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಗ್ಲುಕಗಾನ್ ಇಳಿಯಬೇಕಾದಷ್ಟು ಇಳಿದಿರುವುದಿಲ್ಲ. ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ತಗ್ಗಿಸುವುದು ಯಕೃತ್ತಿನ ಈ ಉತ್ಪಾದನೆಯನ್ನೇ.

ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರಿಗೆ ಗ್ಲುಕಗಾನ್ ತಾನೇ ಔಷಧಿ. ಅವರ ಬಾಯಿಗೆ ಸಕ್ಕರೆ ನೀರು ಹಾಕಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ವಯಸ್ಕರಿಗೆ 1 ಮಿಲಿಗ್ರಾಂ ಗ್ಲುಕಗಾನನ್ನು ಸ್ನಾಯುವಿಗೆ ಚುಚ್ಚಿದರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಯಕೃತ್ತಿನ ಗ್ಲೈಕೋಜನ್ ಒಡೆದು ಸಕ್ಕರೆ ಏರುತ್ತದೆ. ಆದರೆ ಒಡೆಯಲು ಅಲ್ಲಿ ಗ್ಲೈಕೋಜನ್ ಇರಬೇಕು. ದಿನಗಟ್ಟಲೆ ಊಟ ಬಿಟ್ಟವರಲ್ಲಿ ಅದು ಬರಿದಾಗಿರುತ್ತದೆ. ಊಟವಿಲ್ಲದೆ ಹೆಚ್ಚು ಮದ್ಯ ಕುಡಿದವರಲ್ಲಿ ಮದ್ಯವು ಹೊಸ ಗ್ಲೂಕೋಸ್ ತಯಾರಿಕೆಯನ್ನೂ ತಡೆದಿರುತ್ತದೆ. ಇಂಥವರಿಗೆ ಗ್ಲುಕಗಾನ್ ಚುಚ್ಚಿದರೂ ಸಕ್ಕರೆ ಹೆಚ್ಚು ಏರುವುದಿಲ್ಲ, ನರದ ಮೂಲಕ ಗ್ಲೂಕೋಸನ್ನೇ ಕೊಡಬೇಕಾಗುತ್ತದೆ. ಚುಚ್ಚುಮದ್ದು ಫಲಿಸಿ ಎಚ್ಚರಗೊಂಡವರಿಗೂ ನುಂಗಲು ಬಂದ ಕೂಡಲೇ ಏನಾದರೂ ತಿನ್ನಿಸಬೇಕು. ಗ್ಲುಕಗಾನಿನ ಪ್ರಭಾವ ಬೇಗ ಇಳಿಯುತ್ತದೆ, ಖರ್ಚಾದ ಗ್ಲೈಕೋಜನನ್ನು ಮತ್ತೆ ಕಟ್ಟಿಕೊಳ್ಳಲು ಯಕೃತ್ತಿಗೆ ಆಹಾರ ಬೇಕು.