ಆರು ಚುಕ್ಕಿ, ಒಂದು ಗೆರೆ, 103 ಕಿಲೋಜೂಲ್

ಡೈನೈಟ್ರೋಜನ್ ಪೆಂಟಾಕ್ಸೈಡ್ ಅನಿಲವನ್ನು ಗಾಜಿನ ಪಾತ್ರೆಯಲ್ಲಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಅದರ ಅರ್ಧ ಭಾಗ ಒಡೆದುಹೋಗಲು ಸುಮಾರು ಹತ್ತು ದಿನ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಅದಕ್ಕೆ ಐದೂವರೆ ಗಂಟೆ ಸಾಕು. 65 ಡಿಗ್ರಿಯಲ್ಲಿ ಎರಡು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲೇ ಅರ್ಧ ಮುಗಿದಿರುತ್ತದೆ. ವಸ್ತು ಅದೇ, ಪಾತ್ರೆ ಅದೇ, ಬದಲಾಗಿದ್ದು ತಾಪಮಾನ ಮಾತ್ರ. ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಒಂದೇ ಒಂದು ಸಂಖ್ಯೆಯಲ್ಲಿದೆ. ಅದೇ ಆಕ್ಟಿವೇಶನ್ ಎನರ್ಜಿ, ಅಂದರೆ ಸಕ್ರಿಯಣ ಶಕ್ತಿ: ಅಣುಗಳು ಒಡೆಯಬೇಕಾದರೆ ಮೊದಲು ಒಟ್ಟುಗೂಡಿಸಿಕೊಳ್ಳಬೇಕಾದ ಶಕ್ತಿ.

ಈ ಸಂಖ್ಯೆಯನ್ನು ಯಾವ ಮಾಪಕವೂ ನೇರವಾಗಿ ತೋರಿಸುವುದಿಲ್ಲ. ಬೇರೆಬೇರೆ ತಾಪಮಾನಗಳಲ್ಲಿ ಕ್ರಿಯೆಯ ವೇಗವನ್ನು ಅಳೆದು, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಅದನ್ನು ಹೊರತೆಗೆಯಬೇಕು. ದಾರಿಯನ್ನು ತೋರಿಸಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. 1889ರಲ್ಲಿ ಅವರು ಆಮ್ಲದಲ್ಲಿ ಕಬ್ಬಿನ ಸಕ್ಕರೆ ಒಡೆಯುವ ವೇಗವನ್ನು ವಿವರಿಸಲು ಬಳಸಿದ ಸಮೀಕರಣವನ್ನೇ ಇಂದು ದ್ವಿತೀಯ ಪಿಯುಸಿ ವಿಜ್ಞಾನದ ಮಕ್ಕಳು ಕಲಿಯುತ್ತಾರೆ:

ln k = ln A − Eₐ/RT

ಇಲ್ಲಿ k ವೇಗ ಸ್ಥಿರಾಂಕ, T ಕೆಲ್ವಿನ್‌ನಲ್ಲಿ ತಾಪಮಾನ, Eₐ ಸಕ್ರಿಯಣ ಶಕ್ತಿ, R ಎಂಬುದು 8.314 ಬೆಲೆಯ ಅನಿಲ ಸ್ಥಿರಾಂಕ. k ಅನ್ನು ನೇರವಾಗಿ T ಎದುರು ಗುರುತಿಸಿದರೆ ಕಡಿದಾಗಿ ಮೇಲೇಳುವ ವಕ್ರರೇಖೆ ಸಿಗುತ್ತದೆ, ಅದರಿಂದ ಏನನ್ನೂ ಓದುವುದು ಕಷ್ಟ. k ಬದಲು ಅದರ ಲಾಗ್, T ಬದಲು 1/T ತೆಗೆದುಕೊಂಡರೆ ಅದೇ ಮಾಹಿತಿ ಎಡದಿಂದ ಬಲಕ್ಕೆ ಇಳಿಯುವ ಸರಳ ರೇಖೆಯಾಗುತ್ತದೆ. ಅದರ ಇಳಿಜಾರು −Eₐ/R. ಇಳಿಜಾರನ್ನು 8.314ರಿಂದ ಗುಣಿಸಿ, ಋಣ ಚಿಹ್ನೆ ತೆಗೆದರೆ Eₐ ಕೈಗೆ ಬರುತ್ತದೆ.

ಅಮೆರಿಕದ ಫಾರಿಂಗ್ಟನ್ ಡೇನಿಯಲ್ಸ್ ಮತ್ತು ಎಲ್ಮರ್ ಜಾನ್‌ಸ್ಟನ್ 1921ರಲ್ಲಿ ಈ ಅನಿಲದ ಮೇಲೆ ಮಾಡಿದ ಅಳತೆಗಳನ್ನು ರಸಾಯನಶಾಸ್ತ್ರದ ಪಠ್ಯಗಳು ಇಂದಿಗೂ ಬಳಸುತ್ತವೆ. ಅನಿಲ ಒಡೆದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಆಗುವಾಗ ಪಾತ್ರೆಯೊಳಗಿನ ಒತ್ತಡ ಏರುತ್ತದೆ, ಆ ಏರಿಕೆಯಿಂದ k ಸಿಗುತ್ತದೆ. ಅವರ ಆರು ಅಳತೆಗಳು ಇಲ್ಲಿವೆ. ಕೊನೆಯ ಎರಡು ಕಂಬಸಾಲುಗಳನ್ನು ಗ್ರಾಫ್‌ಗಾಗಿ ನಾನು ಲೆಕ್ಕ ಹಾಕಿದ್ದು.

| ತಾಪಮಾನ (°C) | k (s⁻¹) | 1000/T (K⁻¹) | ln k |
|---|---|---|---|
| 0 | 7.87 × 10⁻⁷ | 3.661 | −14.06 |
| 25 | 3.46 × 10⁻⁵ | 3.354 | −10.27 |
| 35 | 1.35 × 10⁻⁴ | 3.245 | −8.91 |
| 45 | 4.98 × 10⁻⁴ | 3.143 | −7.60 |
| 55 | 1.50 × 10⁻³ | 3.047 | −6.50 |
| 65 | 4.87 × 10⁻³ | 2.957 | −5.32 |

ಅಡ್ಡ ಅಕ್ಷದಲ್ಲಿ ಮೂರನೆಯ ಸಾಲು, ನೆಟ್ಟ ಅಕ್ಷದಲ್ಲಿ ನಾಲ್ಕನೆಯ ಸಾಲು. ಆರು ಚುಕ್ಕಿಗಳೂ ಕಣ್ಣಿಗೆ ಒಂದೇ ಗೆರೆಯ ಮೇಲೆ ಕೂತಂತೆ ಕಾಣುತ್ತವೆ. ಕನಿಷ್ಠ ವರ್ಗಗಳ ವಿಧಾನದಲ್ಲಿ ಗೆರೆ ಹೊಂದಿಸಿದಾಗ ಇಳಿಜಾರು −12,388 ಕೆಲ್ವಿನ್ ಬಂತು. 8.314ರಿಂದ ಗುಣಿಸಿದರೆ 1,03,000 ಜೂಲ್, ಅಂದರೆ ಮೋಲ್ ಒಂದಕ್ಕೆ 103 ಕಿಲೋಜೂಲ್.

ಇದು ಎಷ್ಟು ದೊಡ್ಡ ಬೆಲೆ ಎಂಬುದನ್ನು ತಿಳಿಯಲು RT ಜೊತೆ ಹೋಲಿಸಿ ನೋಡಬೇಕು. ಅಣುಗಳ ಸಹಜ ಉಷ್ಣ ಚಲನೆಯ ಅಳತೆಗೋಲು ಅದು, 25 ಡಿಗ್ರಿಯಲ್ಲಿ ಸುಮಾರು 2.5 ಕಿಲೋಜೂಲ್ ಮಾತ್ರ. ಬೇಕಾದ ಶಕ್ತಿ ಅದರ ನಲವತ್ತು ಪಟ್ಟಿಗೂ ಹೆಚ್ಚು. ಸಮೀಕರಣದ ಪ್ರಕಾರ ಅಷ್ಟನ್ನು ಗಳಿಸಿಕೊಳ್ಳುವ ಪಾಲು 10¹⁸ರಲ್ಲಿ ಒಂದರಷ್ಟು. ಇಂಥ ವಿರಳ ಪಾಲು ತಾಪಮಾನ ಸ್ವಲ್ಪ ಏರಿದರೂ ಹಲವು ಪಟ್ಟು ಬೆಳೆಯುತ್ತದೆ. ಹತ್ತು ದಿನ ಎರಡು ನಿಮಿಷಕ್ಕೆ ಇಳಿದದ್ದು ಹೀಗೆ.

ಬಹಳಷ್ಟು ಪ್ರಯೋಗದ ದಾಖಲೆಗಳು 103 ಎಂದು ಬರೆದು ಇಲ್ಲಿಗೇ ನಿಲ್ಲುತ್ತವೆ. ನನ್ನ ಪ್ರಕಾರ ಅಸಲು ಕೆಲಸ ಇಲ್ಲಿಂದ ಮುಂದಿದೆ.

ಮೊದಲನೆಯದಾಗಿ, ಬಂದ ಉತ್ತರ ಲೆಕ್ಕದ ತಪ್ಪಿನ ಫಲವಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲವು ತಪ್ಪುಗಳು ತಾವಾಗಿಯೇ ಬಯಲಾಗುತ್ತವೆ. ಸೆಲ್ಸಿಯಸ್ ಅನ್ನು ಕೆಲ್ವಿನ್‌ಗೆ ಬದಲಿಸಲು ಮರೆತರೆ ಸೊನ್ನೆ ಡಿಗ್ರಿಯ ಸಾಲಿನಲ್ಲೇ ಸೊನ್ನೆಯಿಂದ ಭಾಗಿಸಬೇಕಾಗಿ ಬರುತ್ತದೆ. ಅಡ್ಡ ಅಕ್ಷದ ಸಾವಿರವನ್ನು ಮರೆತರೆ ಉತ್ತರ ಸಾವಿರ ಪಟ್ಟು ಕುಗ್ಗುತ್ತದೆ. ಆದರೆ ಹತ್ತರ ಆಧಾರದ ಲಾಗ್ ಬಳಸಿ, ಇಳಿಜಾರನ್ನು 2.303ರಿಂದ ಗುಣಿಸದೆ ಬಿಟ್ಟರೆ? ಆಗ ಉತ್ತರ 44.7 ಕಿಲೋಜೂಲ್. ಇದು ಅಪಾಯಕಾರಿ, ಏಕೆಂದರೆ ಎಷ್ಟೋ ಕ್ರಿಯೆಗಳಿಗೆ ಅಂಥ ಬೆಲೆ ನಿಜವಾಗಿಯೂ ಇರುತ್ತದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಪರೀಕ್ಷಿಸಲು ಉತ್ತರವನ್ನು ಮತ್ತೆ ಸಮೀಕರಣದಲ್ಲಿ ಹಾಕಿ ನೋಡಬೇಕು. 44.7 ಸರಿಯಾಗಿದ್ದರೆ 25ರಿಂದ 35 ಡಿಗ್ರಿಗೆ ಹೋದಾಗ ವೇಗ 1.8 ಪಟ್ಟು ಏರಬೇಕು. ಕೋಷ್ಟಕದಲ್ಲಿ ಅದು 3.9 ಪಟ್ಟು ಏರಿದೆ. 103 ಹಾಕಿದರೆ 3.85 ಬರುತ್ತದೆ.

ಎರಡನೆಯದು, ಎರಡೇ ತಾಪಮಾನಗಳ ಸೂತ್ರ. ಪರೀಕ್ಷೆಯ ಲೆಕ್ಕಗಳಲ್ಲಿ ಎರಡು k ಕೊಟ್ಟು Eₐ ಕೇಳುವುದು ವಾಡಿಕೆ. ಅಭ್ಯಾಸಕ್ಕೆ ಅದು ಸರಿ, ಪ್ರಯೋಗಕ್ಕೆ ಸಾಲದು. ಇದೇ ಕೋಷ್ಟಕದ 45 ಮತ್ತು 55 ಡಿಗ್ರಿಗಳನ್ನಷ್ಟೇ ತೆಗೆದುಕೊಂಡರೆ ಉತ್ತರ 96 ಕಿಲೋಜೂಲ್. 55 ಮತ್ತು 65 ತೆಗೆದುಕೊಂಡರೆ 109. ಒಂದೇ ಪ್ರಯೋಗದ ಪಕ್ಕಪಕ್ಕದ ಜೋಡಿಗಳ ನಡುವೆ ಹದಿಮೂರು ಕಿಲೋಜೂಲ್ ಅಂತರ! ಅನುಭವಿಗಳು ಅಳೆದದ್ದೇ ಹೀಗಾದರೆ ಬೇರೆಯವರ ಪಾಡೇನು?

ಇದಕ್ಕೆ ಕಾರಣ ಗೆರೆಯಿಂದ ಚುಕ್ಕಿಗಳು ಎಷ್ಟು ಸರಿದಿವೆ ಎಂದು ನೋಡಿದಾಗ ತಿಳಿಯುತ್ತದೆ. 45 ಡಿಗ್ರಿಯ ಚುಕ್ಕಿ ಗೆರೆಗಿಂತ 0.040 ಮೇಲಿದೆ, 55ರದು 0.044 ಕೆಳಗಿದೆ. ಲಾಗ್‌ನಲ್ಲಿ 0.04 ಎಂದರೆ k ಬೆಲೆಯಲ್ಲಿ ಶೇಕಡ 4ರಷ್ಟು. 55 ಡಿಗ್ರಿಯಲ್ಲಿ ತಾಪಮಾನ ಒಂದು ಡಿಗ್ರಿ ತಪ್ಪಿದರೆ ಈ ಕ್ರಿಯೆಯ k ಶೇಕಡ 12ರಷ್ಟು ಬದಲಾಗುತ್ತದೆ, ಹಾಗಾಗಿ 0.4 ಡಿಗ್ರಿಯ ಏರುಪೇರೊಂದೇ ಆ ಚುಕ್ಕಿಯನ್ನು ಅಷ್ಟು ಸರಿಸಬಲ್ಲದು. ಚುಕ್ಕಿಗಳ ನಡುವಿನ ದೂರ ಕಡಿಮೆಯಿದ್ದಾಗ ಈ ಚಿಕ್ಕ ದೋಷ ಇಳಿಜಾರನ್ನೇ ವಾಲಿಸುತ್ತದೆ. ಸೊನ್ನೆ ಡಿಗ್ರಿಯಿಂದ 65ರವರೆಗೆ ಹರಡಿದ ಆರು ಚುಕ್ಕಿಗಳಲ್ಲಿ ಅದು ಬಹುಮಟ್ಟಿಗೆ ಕರಗಿಹೋಗುತ್ತದೆ. ದೂರದಲ್ಲಿರುವ ಸೊನ್ನೆ ಡಿಗ್ರಿಯ ಚುಕ್ಕಿಯೇ ಗೆರೆಯನ್ನು ಎಳೆದಾಡುತ್ತಿದೆಯೇ ಎಂದು ಅದನ್ನು ಬಿಟ್ಟು ಲೆಕ್ಕ ಹಾಕಿದೆ. 103.2 ಬಂತು. ಹಾಗಾಗಿ ಉತ್ತರವನ್ನು ನಂಬಬಹುದು.

ಸರಿದಿರುವ ಚುಕ್ಕಿಗಳು ಇನ್ನೊಂದನ್ನೂ ಹೇಳುತ್ತವೆ. ಅವು ಮೇಲೆ, ಕೆಳಗೆ ಎಂದು ಕ್ರಮವಿಲ್ಲದೆ ಚದುರಿದ್ದರೆ ಅಳತೆಯ ದೋಷವೆಂದುಕೊಳ್ಳಬಹುದು. ಎರಡೂ ತುದಿಗಳವು ಒಂದು ಕಡೆ, ನಡುವಿನವು ಇನ್ನೊಂದು ಕಡೆ ಬಿದ್ದಿದ್ದರೆ ಗೆರೆ ನಿಜಕ್ಕೂ ಬಾಗಿದೆ. ಕಿಣ್ವಗಳ ಕ್ರಿಯೆಯಲ್ಲಿ ಹಾಗಾಗುತ್ತದೆ, ಶಾಖ ಹೆಚ್ಚಾದಾಗ ಕಿಣ್ವವೇ ಕೆಡುವುದರಿಂದ. ಬಾಗಿದ ಗೆರೆಗೆ ಒಂದೇ Eₐ ಕೊಡಬಾರದು. R² ಬೆಲೆಯನ್ನು ನೆಚ್ಚಿಕೊಂಡು ಕೂರುವುದೂ ಬೇಡ. ನಮ್ಮ ಗೆರೆಗೆ ಅದು 0.9999, ಆದರೂ ಜೋಡಿಗಳ ಲೆಕ್ಕ 96ರಿಂದ 109ಕ್ಕೆ ಹಾರಿದ್ದನ್ನು ಅದು ಹೇಳಲಿಲ್ಲ.

ದೋಷದ ಮಿತಿಯನ್ನು ಕಂಪ್ಯೂಟರಿನ ಯಾವುದೇ ಸ್ಪ್ರೆಡ್‌ಶೀಟ್ ಕೊಡುತ್ತದೆ. 1/T ಅನ್ನು B ಸಾಲಿನಲ್ಲಿ, ln k ಅನ್ನು C ಸಾಲಿನಲ್ಲಿ ತುಂಬಿ ಹೀಗೆ ಟೈಪ್ ಮಾಡಿದರಾಯಿತು:

```
=LINEST(C2:C7,B2:B7,TRUE,TRUE)
```

ಮೊದಲ ಸಾಲಿನಲ್ಲಿ ಇಳಿಜಾರು ಮತ್ತು ln A, ಅದರ ಕೆಳಗೆ ಅವೆರಡರ ಪ್ರಮಾಣ ದೋಷಗಳು ಬರುತ್ತವೆ. ಇಳಿಜಾರಿನ ದೋಷ 57 ಕೆಲ್ವಿನ್, ಅಂದರೆ 0.47 ಕಿಲೋಜೂಲ್. ಆರು ಚುಕ್ಕಿಗಳಿಗೆ ಶೇಕಡ 95ರ ವಿಶ್ವಾಸ ಮಟ್ಟ ಬೇಕೆಂದರೆ ಅದನ್ನು 2.776ರಿಂದ ಗುಣಿಸಬೇಕು. 1.3 ಕಿಲೋಜೂಲ್ ಆಗುತ್ತದೆ.

ln A ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗೆರೆಯನ್ನು 1/T ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದಾಗ ಸಿಗುವ ಬೆಲೆ ಅದು. ನಮ್ಮ ಚುಕ್ಕಿಗಳಿರುವುದು ಅಕ್ಷದ 2.96ರಿಂದ 3.66ರವರೆಗಿನ ತುಣುಕಿನಲ್ಲಿ ಮಾತ್ರ. ಉದ್ದನೆಯ ಬಿದಿರಿನ ಗಳುವನ್ನು ಒಂದು ತುದಿಯಲ್ಲಿ ಹಿಡಿದಾಗ ಕೈ ಕೊಂಚ ಅಲುಗಿದರೂ ಆಚೆಯ ತುದಿ ಮೊಳದಷ್ಟು ಓಲಾಡುವ ಹಾಗೆ, ಇಳಿಜಾರಿನ ಸಣ್ಣ ದೋಷ ಇಲ್ಲಿ ದೊಡ್ಡದಾಗುತ್ತದೆ. A ಬೆಲೆ 3.9 × 10¹³ ಬಂದರೂ, 2.3 × 10¹³ರಿಂದ 6.5 × 10¹³ರವರೆಗೆ ಎಲ್ಲಿ ಬೇಕಾದರೂ ಇರಬಹುದು. Eₐ ಮತ್ತು A ಜೋಡಿಯಾಗಿಯೇ ಬದಲಾಗುತ್ತವೆ ಎಂಬುದನ್ನೂ ಮರೆಯಬಾರದು. ಯಾರಾದರೂ A ಅನ್ನು ಹಾಗೆಯೇ ಇಟ್ಟುಕೊಂಡು 103 ಅನ್ನು 100 ಎಂದು ದುಂಡಗೆ ಮಾಡಿದರೆ, 45 ಡಿಗ್ರಿಯ k ಮೂರು ಪಟ್ಟು ಹೆಚ್ಚಾಗಿ ಬರುತ್ತದೆ.

ಈಗ ಫಲಿತಾಂಶವನ್ನು ಬರೆಯಬಹುದು: 273ರಿಂದ 338 ಕೆಲ್ವಿನ್‌ವರೆಗಿನ ಆರು ತಾಪಮಾನಗಳಲ್ಲಿ ಅಳೆದ ಮೊದಲ ಕ್ರಮಾಂಕದ ವೇಗ ಸ್ಥಿರಾಂಕಗಳಿಂದ, ln k ಮತ್ತು 1/T ನಡುವಿನ ಸರಳ ರೇಖೆಯ ಮೂಲಕ, Eₐ = 103.0 ± 1.3 kJ mol⁻¹; ln A = 31.3 ± 0.5, A ಏಕಮಾನ s⁻¹. ಮಿತಿಗಳು ಶೇಕಡ 95ರ ವಿಶ್ವಾಸ ಮಟ್ಟದವು.

ಇದರ ಜೊತೆಗೆ "ತೋರಿಕೆಯ" ಸಕ್ರಿಯಣ ಶಕ್ತಿ ಎಂದು ಸೇರಿಸುವುದು ಒಳ್ಳೆಯದು. ಈ ಅನಿಲ ಒಂದೇ ಏಟಿಗೆ ಒಡೆಯುವುದಿಲ್ಲ, ಹಲವು ಹಂತಗಳಲ್ಲಿ ಒಡೆಯುತ್ತದೆ ಎಂಬ ವಿವರಣೆಯನ್ನು ರಿಚರ್ಡ್ ಆಗ್ 1947ರಲ್ಲಿ ಮುಂದಿಟ್ಟರು. ಹಾಗಾಗಿ 103 ಎಂಬುದು ಯಾವುದೋ ಒಂದು ಬಂಧ ಮುರಿಯುವ ಬೆಲೆಯಲ್ಲ, ಹಲವು ಹಂತಗಳ ಒಟ್ಟು ಪರಿಣಾಮ. ಗೆರೆ ನೇರವಾಗಿದ್ದ ಮಾತ್ರಕ್ಕೆ ಕ್ರಿಯೆ ಸರಳವೆಂದು ಅರ್ಥವಲ್ಲ.

ಕೊನೆಯದಾಗಿ, ಪ್ರಯೋಗ ಮಾಡುವವರಲ್ಲಿ ಒಂದು ವಿನಂತಿ. ಗ್ರಾಫ್ ಮತ್ತು ಉತ್ತರವನ್ನಷ್ಟೇ ಕೊಟ್ಟು ಕೋಷ್ಟಕವನ್ನು ಕೈಬಿಡಬೇಡಿ. ಡೇನಿಯಲ್ಸ್ ಮತ್ತು ಜಾನ್‌ಸ್ಟನ್ ತಮ್ಮ k ಬೆಲೆಗಳನ್ನು ಅಚ್ಚು ಹಾಕಿಸಿದ್ದರಿಂದಲೇ, ನೂರು ವರ್ಷ ಕಳೆದರೂ ಆ ಗೆರೆಯನ್ನು ಯಾರು ಬೇಕಾದರೂ ಮತ್ತೆ ಎಳೆದು ಪರೀಕ್ಷಿಸಬಹುದು.