ಮೊಟಕಾದ ಮುಖ, ಕಟ್ಟಿದ ಉಸಿರು

ಪಗ್, ಇಂಗ್ಲಿಷ್ ಬುಲ್‌ಡಾಗ್ ಮತ್ತು ಫ್ರೆಂಚ್ ಬುಲ್‌ಡಾಗ್ ತಳಿಯ ನಾಯಿಗಳಿಗೆ ಮೂತಿ ಎಂಬುದು ಇಲ್ಲವೆನ್ನುವಷ್ಟು ಚಪ್ಪಟೆಯಾದ ಮುಖವಿದೆ. ಆ ಮುಖದ ಜೊತೆಗೇ ಬರುವ ಉಸಿರಾಟದ ಕಾಯಿಲೆಗೆ ಪಶುವೈದ್ಯರು ‘ಬ್ರೇಕಿಸೆಫಾಲಿಕ್ ಅಬ್‌ಸ್ಟ್ರಕ್ಟಿವ್ ಏರ್‌ವೇ ಸಿಂಡ್ರೋಮ್’ ಎನ್ನುತ್ತಾರೆ, ಚಿಕ್ಕದಾಗಿ ಬೋವಾಸ್. ಮೊಟಕು ತಲೆಯ ಪ್ರಾಣಿಗಳಲ್ಲಿ ಗಾಳಿಯ ದಾರಿ ಕಟ್ಟಿಕೊಳ್ಳುವುದು ಎಂದು ಇದರ ಅರ್ಥ. ಈ ಮೂರರಲ್ಲಿ ಭಾರತದವರಿಗೆ ಹೆಚ್ಚು ಪರಿಚಿತವಾದದ್ದು ಪಗ್. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನುಬಿದ್ದು ನಡೆದ ಈ ನಾಯಿ ಮನೆಮನೆಯ ಮಾತಾಯಿತು, ಪಗ್ ಮರಿಗಳಿಗೆ ಬೇಡಿಕೆ ಏರಿತು. ಇಂದಿಗೂ ಅನೇಕರು ಅದನ್ನು ‘ಹಚ್ ನಾಯಿ’ ಎಂದೇ ಕರೆಯುತ್ತಾರೆ.

ಪಗ್‌ನ ಮುಖ ಮೊದಲಿನಿಂದಲೂ ಹೀಗಿರಲಿಲ್ಲ. ಚೀನಾದಿಂದ ಯುರೋಪಿಗೆ ಹೋದ ಈ ತಳಿಗೆ ಆಗ ಗಿಡ್ಡವಾದರೂ ಸ್ಪಷ್ಟವಾಗಿ ಕಾಣುವ ಮೂತಿ ಇತ್ತು. ಇಂಗ್ಲೆಂಡಿನ ಕಲಾವಿದ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನ ಪಗ್ ಜೊತೆ ಬರೆದುಕೊಂಡ ಸ್ವಚಿತ್ರದಲ್ಲಿ ಅದನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ನಾಯಿಗಳ ಪ್ರದರ್ಶನ ಶುರುವಾಯಿತು. 1873ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿತು. ಪ್ರತಿ ತಳಿ ಹೇಗಿರಬೇಕು ಎಂಬುದಕ್ಕೆ ಲಿಖಿತ ಮಾನದಂಡ ಬಂತು. ಚಪ್ಪಟೆ ಮುಖವೇ ತಳಿಯ ಗುರುತಾದ ಮೇಲೆ ಇನ್ನೂ ಚಪ್ಪಟೆಯಾದದ್ದು ಬಹುಮಾನ ಗೆದ್ದಿತು, ಗೆದ್ದ ನಾಯಿಯಿಂದಲೇ ಹೆಚ್ಚು ಮರಿ ಪಡೆದರು. ಗುಂಡಗಿನ ತಲೆ, ದೊಡ್ಡ ಕಣ್ಣು, ಪುಟ್ಟ ಮೂಗು ಮನುಷ್ಯರಿಗೆ ಹಸುಗೂಸಿನ ಮುಖವನ್ನು ನೆನಪಿಸುತ್ತವೆ. ಆ ಸೆಳೆತವೂ ಇದಕ್ಕೆ ಜೊತೆಯಾಯಿತು.

ತೊಂದರೆಯ ಮೂಲ ಇರುವುದು ಮೂಳೆ ಗಿಡ್ಡವಾದಷ್ಟು ಮಾಂಸ ಗಿಡ್ಡವಾಗದೇ ಇರುವುದರಲ್ಲಿ. ಪೆಟ್ಟಿಗೆಯನ್ನು ಅರ್ಧಕ್ಕೆ ಕತ್ತರಿಸಿ, ಹಳೆಯ ಸಾಮಾನನ್ನೆಲ್ಲ ಅದರಲ್ಲೇ ತುರುಕಿದರೆ ಆಗುವ ಇಕ್ಕಟ್ಟು ಇಲ್ಲೂ ಆಗುತ್ತದೆ. ಮೊದಲ ತಡೆ ಮೂಗಿನ ಹೊಳ್ಳೆಯಲ್ಲೇ ಇದೆ. ಸಾಮಾನ್ಯ ನಾಯಿಯಲ್ಲಿ ಅದು ತೆರೆದ ಅಲ್ಪವಿರಾಮದ ಆಕಾರದಲ್ಲಿರುತ್ತದೆ. ಅನೇಕ ಪಗ್‌ಗಳಲ್ಲಿ ಬರಿಯ ಗೀರಿನಂತೆ ಮುಚ್ಚಿಕೊಂಡಿರುತ್ತದೆ. ಮೂಗಿನ ಒಳಗೆ ಸುರುಳಿ ಸುರುಳಿಯಾದ ತೆಳು ಮೂಳೆಗಳಿದ್ದು, ಅವುಗಳ ಮೇಲೆ ಒದ್ದೆ ಪೊರೆ ಹಾಸಿರುತ್ತದೆ. ಜಾಗ ಸಾಲದಾದಾಗ ಈ ಸುರುಳಿಗಳು ಒಂದಕ್ಕೊಂದು ತಾಗುತ್ತವೆ, ಕೆಲವೊಮ್ಮೆ ಹಿಂದಕ್ಕೆ ಬೆಳೆದು ಗಂಟಲ ಕಡೆ ಚಾಚುತ್ತವೆ. ಬಾಯಿಯ ಮೇಲ್ಭಾಗದ ಹಿಂತುದಿಯಲ್ಲಿರುವ ಮೆತ್ತಗಿನ ಅಂಗುಳು ಉದ್ದವೂ ದಪ್ಪವೂ ಆಗಿ ಶ್ವಾಸನಾಳದ ಬಾಯಿಗೆ ಅಡ್ಡ ಬೀಳುತ್ತದೆ. ಗಾಳಿ ನುಗ್ಗಿದಾಗಲೆಲ್ಲ ಅದು ಅದುರುವುದರಿಂದ ಹುಟ್ಟುವ ಸದ್ದೇ ಆ ಗೊರಕೆ. ಇಂಗ್ಲಿಷ್ ಬುಲ್‌ಡಾಗ್‌ಗಳಲ್ಲಿ ಶ್ವಾಸನಾಳವೇ ಹುಟ್ಟಿನಿಂದ ಸಣ್ಣದಾಗಿರುವುದೂ ಉಂಟು.

ದಾರಿ ಸ್ವಲ್ಪ ಕಿರಿದಾದರೂ ಶ್ರಮ ಬಹಳ ಹೆಚ್ಚುತ್ತದೆ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ, ನಯವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ 16 ಪಟ್ಟಾಗುತ್ತದೆ. ನಾಯಿ ಅಷ್ಟೂ ಗಾಳಿಯನ್ನು ಎದೆಯ ಬಲದಿಂದ ಎಳೆದುಕೊಳ್ಳಬೇಕು. ಪ್ರತಿ ಉಸಿರಿನ ಈ ಜಗ್ಗಾಟ ಗಂಟಲೊಳಗಿನ ಮೆತ್ತನೆಯ ಭಾಗಗಳನ್ನೂ ಒಳಕ್ಕೆ ಎಳೆಯುತ್ತದೆ. ಮೊದಲು ಧ್ವನಿಪೆಟ್ಟಿಗೆಯ ಪಕ್ಕದ ಪುಟ್ಟ ಚೀಲಗಳು ಮಗುಚಿಕೊಂಡು ಗಾಳಿಯ ದಾರಿಗೆ ಬರುತ್ತವೆ. ವರ್ಷಗಳು ಕಳೆದಂತೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಬಲಗುಂದಿ ಒಳಕ್ಕೆ ಕುಸಿಯಬಹುದು. ಹುಟ್ಟಿನಿಂದ ಬಂದ ಇಕ್ಕಟ್ಟು ಹೀಗೆ ಹೊಸ ಇಕ್ಕಟ್ಟನ್ನು ಹುಟ್ಟಿಸುತ್ತಾ ಹೋಗುವುದರಿಂದ ಈ ಕಾಯಿಲೆ ತಾನಾಗಿ ಇಳಿಯುವುದಿಲ್ಲ. ಅದೇ ಎಳೆತ ಹೊಟ್ಟೆಯ ಮೇಲೂ ಬೀಳುವುದರಿಂದ ತಿಂದದ್ದು ಬಾಯಿಗೆ ಬರುವುದು, ನೊರೆ ಕಕ್ಕುವುದು ಈ ನಾಯಿಗಳಲ್ಲಿ ಸಾಮಾನ್ಯ.

ಬಿಸಿಲಿನಲ್ಲಿ ಅಪಾಯ ಇನ್ನೂ ದೊಡ್ಡದು. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ಮೂಗು, ಬಾಯಿ, ನಾಲಿಗೆಯ ತೇವವನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಪಗ್‌ನಲ್ಲಿ ಈ ವ್ಯವಸ್ಥೆಗೆ ಜಾಗವೇ ಕಡಿಮೆ. ತಂಪಾಗಲೆಂದು ಜೋರಾಗಿ ಏದುಸಿರು ಬಿಟ್ಟರೆ ಸ್ನಾಯುಗಳ ದುಡಿಮೆಯಿಂದ ಮೈ ಮತ್ತಷ್ಟು ಕಾಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ದಾರಿ ಇನ್ನೂ ಮುಚ್ಚುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ಗಾಳಿಯೇ ತೇವವಾಗಿರುವುದರಿಂದ ಆವಿಯಾಗುವುದೂ ನಿಧಾನ. ನಾಲಿಗೆ ಅಥವಾ ವಸಡು ನೀಲಿಗಟ್ಟಿದರೆ, ನಾಯಿ ತೂರಾಡಿ ಕುಸಿದರೆ ಒಂದು ಕ್ಷಣವೂ ಕಾಯುವಂತಿಲ್ಲ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಇಷ್ಟಾದರೂ ಅನೇಕ ಸಾಕುವವರಿಗೆ ಇದು ಕಾಯಿಲೆ ಎಂದೇ ತೋರುವುದಿಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೋವಾಸ್ ಇದ್ದ ನಾಯಿಗಳ ಮಾಲೀಕರಲ್ಲಿ ಶೇ 58ರಷ್ಟು ಮಂದಿ ತಮ್ಮ ನಾಯಿಗೆ ಉಸಿರಾಟದ ತೊಂದರೆ ಇಲ್ಲ ಎಂದಿದ್ದರು. ಪಗ್ ಅಂದಮೇಲೆ ಗೊರಕೆ ಹೊಡೆಯುವುದೇ ಎಂಬ ನಂಬಿಕೆ ಅಷ್ಟು ಬೇರೂರಿದೆ. ಆದರೆ ಎಚ್ಚರವಿರುವಾಗಲೂ ಗೊರಗುಟ್ಟುವುದು, ಕೂತುಕೊಂಡೇ ತೂಕಡಿಸುವುದು, ಗದ್ದವನ್ನು ಎತ್ತರಕ್ಕೆ ಆನಿಸಿ ಅಥವಾ ಆಟಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು ಮಲಗುವುದು ಮುದ್ದಿನ ಅಭ್ಯಾಸಗಳಲ್ಲ. ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ಕಂಡುಕೊಂಡ ಪ್ರಾಣಿ ಹುಡುಕಿಕೊಂಡ ಉಪಾಯಗಳು ಅವು.

ನಂಬಿಕೆಯ ಜಾಗದಲ್ಲಿ ಅಳತೆ ತರಲು ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ 2019ರಲ್ಲಿ ಒಂದು ಪರೀಕ್ಷಾ ಕ್ರಮವನ್ನು ಜಾರಿಗೆ ತಂದವು. ಒಂದು ವರ್ಷ ದಾಟಿದ ನಾಯಿಯನ್ನು ಇದಕ್ಕೆ ಒಳಪಡಿಸಬಹುದು. ಮೂರು ವರ್ಷದ ಒಂದು ಪಗ್ ಪರೀಕ್ಷೆಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಪಶುವೈದ್ಯರು ಮೊದಲು ಅದು ಸುಮ್ಮನೆ ನಿಂತಿರುವಾಗ ಉಸಿರಿನ ಸದ್ದನ್ನು ಕಿವಿಯಿಂದಲೂ, ಗಂಟಲ ಪಕ್ಕ ಸ್ಟೆತೊಸ್ಕೋಪ್ ಇಟ್ಟೂ ಕೇಳುತ್ತಾರೆ. ಈ ಹಂತದಲ್ಲಿ ಸ್ಟೆತೊಸ್ಕೋಪಿನಲ್ಲಿ ಮಾತ್ರ ಸಣ್ಣ ಗೊರಗೊರ ಕೇಳಿಸಿತು. ಬಳಿಕ ನಾಯಿಯನ್ನು ಮೂರು ನಿಮಿಷ ಬಿರುಸು ನಡಿಗೆಯಲ್ಲಿ ಓಡಿಸುತ್ತಾರೆ. ಮುಗಿದ ಕೂಡಲೇ ಮತ್ತೆ ಕೇಳಿದರೆ ಗೊರಕೆ ಸ್ಟೆತೊಸ್ಕೋಪ್ ಇಲ್ಲದೆಯೂ ಕೇಳುತ್ತಿದೆ. ಉಸಿರೆಳೆಯುವಾಗ ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿವೆ. ಹಾಗಾಗಿ ಸೊನ್ನೆಯಿಂದ ಮೂರರವರೆಗಿನ ಶ್ರೇಣಿಯಲ್ಲಿ ಅದಕ್ಕೆ ಎರಡು ಸಿಗುತ್ತದೆ, ಅಂದರೆ ಕಾಯಿಲೆ ಇದೆ, ಚಿಕಿತ್ಸೆಯ ಬಗ್ಗೆ ಯೋಚಿಸಬೇಕು. ಸೊನ್ನೆ ಎಂದರೆ ಯಾವ ಸದ್ದೂ ಇಲ್ಲ. ಒಂದು ಎಂದರೆ ಲಕ್ಷಣ ಅಲ್ಪ, ತೊಂದರೆ ಇಲ್ಲ. ಮೂರು ಎಂದರೆ ಗಂಭೀರ. ದಪ್ಪಗಿನ ಗೊರಕೆ ಅಂಗುಳಿನ ಕಡೆ ಬೊಟ್ಟು ಮಾಡಿದರೆ, ಕೀಚಲು ಸೀಟಿಯಂಥ ಸದ್ದು ಧ್ವನಿಪೆಟ್ಟಿಗೆ ಕುಸಿಯುತ್ತಿರುವುದನ್ನು ಸೂಚಿಸುತ್ತದೆ. ಕಾಯಿಲೆ ವಯಸ್ಸಿನೊಂದಿಗೆ ಬದಲಾಗುವುದರಿಂದ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮರುಕಳಿಸಬೇಕು.

ಇಂಥ ನಾಯಿಗೆ ಮೊದಲ ಔಷಧ ತೂಕ ಇಳಿಸುವುದು. ಕೊಬ್ಬು ಗಂಟಲ ಸುತ್ತಲೂ ಕೂತು ದಾರಿಯನ್ನು ಒತ್ತುತ್ತದೆ. ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಕಟ್ಟುವ ಪಟ್ಟಿ ಬಳಸುವುದು, ನಸುಕಿನಲ್ಲಿ ಮಾತ್ರ ಅಡ್ಡಾಡಿಸುವುದು ನೆರವಾಗುತ್ತವೆ. ಅದು ಸಾಲದಾದರೆ ಶಸ್ತ್ರಚಿಕಿತ್ಸೆಯಲ್ಲಿ ಹೊಳ್ಳೆಗಳನ್ನು ಅಗಲ ಮಾಡಿ, ಅಂಗುಳಿನ ಹೆಚ್ಚುವರಿ ಭಾಗವನ್ನು ಕತ್ತರಿಸುತ್ತಾರೆ. ಧ್ವನಿಪೆಟ್ಟಿಗೆ ಕುಸಿಯುವ ಮೊದಲೇ ಮಾಡಿದರೆ ಫಲ ಚೆನ್ನಾಗಿರುತ್ತದೆ. ಬಹಳಷ್ಟು ನಾಯಿಗಳು ಸುಧಾರಿಸುತ್ತವೆ, ಆದರೆ ಉದ್ದ ಮೂತಿಯ ನಾಯಿಯಷ್ಟು ಸಲೀಸಾಗಿ ಉಸಿರಾಡುವಂತಾಗುವುದು ಅಪರೂಪ. ಈ ನಾಯಿಗಳಿಗೆ ಅರಿವಳಿಕೆ ಕೊಡುವುದರಲ್ಲೂ ಹೆಚ್ಚಿನ ಅಪಾಯವಿದೆ. ಮುಖ್ಯವಾಗಿ, ಕತ್ತರಿ ತಲುಪುವುದು ಆ ಒಂದು ನಾಯಿಯ ಗಂಟಲನ್ನು ಮಾತ್ರ. ಅದರ ಮರಿಗಳು ಅದೇ ವಂಶವಾಹಿಗಳನ್ನು ಹೊತ್ತು ಹುಟ್ಟುತ್ತವೆ.

ಪ್ರಶ್ನೆ ನೈತಿಕವಾಗುವುದು ಇಲ್ಲಿಯೇ. ಸಾಮಾನ್ಯ ರೋಗ ಯಾರೂ ಬಯಸದೆ ಬರುತ್ತದೆ. ಬೋವಾಸ್ ಹಾಗಲ್ಲ: ಜನ ಇಷ್ಟಪಟ್ಟು ಆರಿಸಿದ ಲಕ್ಷಣದ ನೇರ ಫಲ ಅದು. ಆ ಮುಖದಿಂದ ನಾಯಿಗೆ ಯಾವ ಅನುಕೂಲವೂ ಇಲ್ಲ. ನೋಡುವವರಿಗೆ ಸಂತೋಷ, ಮಾರುವವರಿಗೆ ಹಣ, ಕಷ್ಟ ಪೂರ್ತಿ ನಾಯಿಯದು. ಪ್ರೀತಿಯಿಂದ ಸಾಕುತ್ತೇವೆ ಎಂಬ ಮಾತು ನಿಜವೇ ಇರಬಹುದು, ಆದರೆ ಪ್ರೀತಿ ಹೊಳ್ಳೆಯನ್ನು ತೆರೆಯುವುದಿಲ್ಲ. ತಳಿಯ ಪರ ನಿಲ್ಲುವವರ ಒಂದು ವಾದಕ್ಕೆ ಮಾತ್ರ ತೂಕವಿದೆ. ಚೆನ್ನಾಗಿ ಉಸಿರಾಡುವ ಪಗ್‌ಗಳೂ ಇವೆ, ಅವನ್ನೇ ಆರಿಸಿ ಮರಿ ಪಡೆದರೆ ತಳಿ ಉಳಿಯುತ್ತದೆ ಎನ್ನುತ್ತಾರೆ ಅವರು. ಮೂತಿಯ ಉದ್ದವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದೂ ಸತ್ಯ. ಅಷ್ಟೇನೂ ಮೊಟಕು ಮುಖವಿಲ್ಲದ ನಾರ್ವಿಚ್ ಟೆರಿಯರ್‌ಗಳಲ್ಲೂ ಇಂಥ ಕಾಯಿಲೆ ಕಾಣುತ್ತದೆ. ಅದಕ್ಕೆ ನಂಟಿರುವ ಒಂದು ವಂಶವಾಹಿ ಬದಲಾವಣೆಯನ್ನು 2019ರಲ್ಲಿ ಗುರುತಿಸಲಾಯಿತು.

ದೇಶಗಳು ಹಿಡಿದ ದಾರಿಗಳೂ ಅದಕ್ಕೇ ಬೇರೆ ಬೇರೆ. ನೆದರ್ಲೆಂಡ್ಸ್ 2019ರಲ್ಲಿ ಅಳತೆಗೋಲನ್ನು ಕೈಗೆತ್ತಿಕೊಂಡಿತು: ಮೂತಿಯ ಉದ್ದ ತಲೆಬುರುಡೆಯ ಉದ್ದದ ಸುಮಾರು ಮೂರನೇ ಒಂದು ಭಾಗವೂ ಇಲ್ಲದ ನಾಯಿಯಿಂದ ಮರಿ ಪಡೆಯುವಂತಿಲ್ಲ. ಬ್ರಿಟನ್ನಿನ ಕ್ರಮ ಉಸಿರನ್ನೇ ನೋಡುತ್ತದೆ: ಮೂರನೇ ಶ್ರೇಣಿಯ ನಾಯಿಯಿಂದ ಮರಿ ಬೇಡ, ಎರಡನೆಯದನ್ನು ಬಳಸುವುದಾದರೆ ಜೋಡಿ ಅದಕ್ಕಿಂತ ಉತ್ತಮವಾಗಿರಬೇಕು. ಆದರೆ ಇದು ಸಲಹೆಯಷ್ಟೇ. ಜರ್ಮನಿಯಲ್ಲಿ ಕೆಲವರು ಪಗ್‌ಗೆ ಟೆರಿಯರ್ ನಾಯಿಗಳ ರಕ್ತ ಸೇರಿಸಿ, ಹಳೆಯ ಚಿತ್ರಗಳಲ್ಲಿರುವಂತೆ ಮೂತಿಯುಳ್ಳ ‘ರೆಟ್ರೊ ಪಗ್’ ಬೆಳೆಸಿದ್ದಾರೆ. ಇಡೀ ತಳಿಯಲ್ಲೇ ಚೆನ್ನಾಗಿ ಉಸಿರಾಡುವ ನಾಯಿಗಳು ಕಡಿಮೆಯಾದಾಗ, ಅವುಗಳಿಂದಷ್ಟೇ ಮರಿ ಪಡೆದರೆ ಹತ್ತಿರದ ನೆಂಟರ ನಡುವಿನ ಕೂಡುವಿಕೆ ಹೆಚ್ಚುತ್ತದೆ. ಆಗ ಸಂಕರವೇ ಉಳಿಯುವ ದಾರಿ.

ಭಾರತದಲ್ಲಿ 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಉಸಿರಾಟದ ಪರೀಕ್ಷೆಗೆ ಅವುಗಳಲ್ಲಿ ಶ್ರೇಣಿಯಿಲ್ಲ, ಮೂತಿಗೆ ಅಳತೆಯಿಲ್ಲ. ಅಲ್ಲಿಯವರೆಗೆ ಆಯ್ಕೆ ಕೊಳ್ಳುವವರ ಕೈಯಲ್ಲಿದೆ. ಎರಡು ತಿಂಗಳ ಮರಿಯಲ್ಲಿ ಬೋವಾಸ್ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ತಾಯಿ ತಂದೆಗಳನ್ನು ನೋಡಬೇಕು, ಅವುಗಳನ್ನು ಕೆಲವು ನಿಮಿಷ ನಡೆಸಿ ಉಸಿರನ್ನು ಕೇಳಬೇಕು, ಯಾವುದಕ್ಕಾದರೂ ಹೊಳ್ಳೆ ಅಥವಾ ಅಂಗುಳಿನ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ವಿಚಾರಿಸಬೇಕು. ಅವನ್ನು ತೋರಿಸಲು ಒಪ್ಪದವರಿಂದ ಮರಿ ಕೊಳ್ಳಬಾರದು. ಇಂಥ ನಾಯಿ ಈಗಾಗಲೇ ಮನೆಯಲ್ಲಿದ್ದರೆ ಅದಕ್ಕೆ ಚಿಕಿತ್ಸೆ ಕೊಡಿಸಬೇಕು, ಅದರಿಂದ ಮರಿ ಮಾತ್ರ ಪಡೆಯಬಾರದು.